ಅಜ್ಜಿಯ ಕಾರ್ಡಿನ ಸೇರು

ಕಂಪ್ಲಿಯಿಂದ ನಮ್ಮಜ್ಜಿ ಸಂಡೂರಿನಲ್ಲಿದ್ದ ದೊಡ್ಡವ್ವನಿಗೆ ಬರೆದ ಒಂದು ಅಂಚೆ ಕಾರ್ಡು ಹೋದ ಬೇಸಿಗೆಯಲ್ಲಿ ನನ್ನ ಕೈಗೆ ಬಂತು. ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಲೆಕ್ಕ ಅದು. ಕ್ಷೇಮಸಮಾಚಾರ ಎರಡೇ ಸಾಲು, ಉಳಿದದ್ದೆಲ್ಲ ಉಪ್ಪು, ಖಾರ, ಸಾಸಿವೆ. ಅರ್ಧ ಭಾಗ ಅರಿಶಿನದ ಕಲೆ, ಒಂದು ಮೂಲೆಗೆ ಎಣ್ಣೆ ಹತ್ತಿ ಕಾಗದ ಅತ್ತಿತ್ತ ಕಾಣುವಷ್ಟು ತೆಳುವಾಗಿದೆ. ಬೆಂಗಳೂರಿನಲ್ಲಿರುವ ದೊಡ್ಡವ್ವನ ಮಗಳು, ನನಗೆ ಅಕ್ಕ, ಇದನ್ನು ಗ್ರಾಮಿಗೆ ತಿರುಗಿಸಿ ಕೊಡು ಎಂದು ಕೇಳಿದಳು. ಆಕೆ ತಾನೇ ಒಮ್ಮೆ ತಿರುಗಿಸಿ, ಹಾಕಿ, ಬಾಯಿಗಿಡಲಾಗದಷ್ಟು ಉಪ್ಪಾಗಿ ಸೋತಿದ್ದಳು. ಆ ಸೋಲು ಎಲ್ಲಿ ಆಯಿತೆಂದು ಹುಡುಕುತ್ತ ಹೋದದ್ದೇ ಈ ವಾರದ ಅಂಕಣ.

ಮೊದಲು ಓದುವ ಕೆಲಸ. ಮಸುಕಾದ ಅಕ್ಷರದ ಮೇಲೆ ಪೆನ್ನಿನಿಂದ ತಿದ್ದುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಇಸ್ತ್ರಿ ಹಾಕುವುದು ಮೂರೂ ಬೇಡ. ಹಳೆಯ ಮಸಿ ನೀರು ಕಂಡರೆ ಹರಡುತ್ತದೆ, ಆಮೇಲೆ ಏನು ಮಾಡಿದರೂ ವಾಪಸು ಬರದು. ಕತ್ತಲ ಕೋಣೆಯಲ್ಲಿ ಕಾರ್ಡನ್ನು ಮೇಜಿನ ಮೇಲಿಟ್ಟು, ಬ್ಯಾಟರಿಯ ಬೆಳಕನ್ನು ಪಕ್ಕದಿಂದ, ಕಾಗದಕ್ಕೆ ತಾಗಿದಂತೆ ಬಿಡಬೇಕು. ಆಗ ಮಸಿ ಹೋಗಿದ್ದರೂ ನಿಬ್ಬು ಒತ್ತಿದ ಗೀರು ನೆರಳಾಗಿ ಕಾಣುತ್ತದೆ. ಅರಿಶಿನದ ಕಲೆಯ ಕೆಳಗಿರುವುದಕ್ಕೆ ಬೇರೆ ಉಪಾಯ. ಫೋನಿನಲ್ಲಿ ಚಿತ್ರ ತೆಗೆದು, ಚಿತ್ರ ತಿದ್ದುವ ಆ್ಯಪಿನಲ್ಲಿ ಕೆಂಪು ಫಿಲ್ಟರಿನ ಕಪ್ಪುಬಿಳುಪು ಮಾಡಿಕೊಳ್ಳಬೇಕು. ಹಳದಿ ಬಣ್ಣ ಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಕಲೆ ಬೆಳ್ಳಗಾಗಿ ಮಾಯವಾಗುತ್ತದೆ. ನೀಲಿ ಮಸಿ ಕೆಂಪನ್ನು ನುಂಗುವುದರಿಂದ ಕಪ್ಪಾಗಿ ಎದ್ದು ನಿಲ್ಲುತ್ತದೆ. ನೀಲಿ ಫಿಲ್ಟರು ಹಾಕಿದರೆ ಇದಕ್ಕೆ ತಿರುವುಮುರುವು, ಕಲೆಯೇ ಕಪ್ಪಾಗಿ ಅಕ್ಷರವನ್ನು ಮುಚ್ಚಿಬಿಡುತ್ತದೆ.

ಹೀಗೆ ನೋಡಿದಾಗ ಕಂಡ ಸಾಲುಗಳು ಇವು. ನಾಟಿ ಕಾಯಿ ೨೫. ಹೋಳು ಸೇ ೬, ಅಥವಾ ೯. ಉಪ್ಪು ಸೇ ೧, ಅದರ ಪಕ್ಕ ಒಂದು ಗೀಟು ಇದ್ದಂತೆ. ಖಾರ ಸೇ ೧॥೦. ಸಾಸಿವೆ ಹಿಟ್ಟು ೦॥।೦. ಮೆಂತ್ಯ ೦=೦. ಅರಿಶಿನ ರೂ ೪. ಇಂಗು ರೂ ೦।೦. ಶೇಂಗಾ ಎಣ್ಣೆ ಸೇ ೧॥೦. ಎಲ್ಲದರ ಕೆಳಗೆ ‘ಎಲ್ಲಾ ಸವರಿ’ ಎಂಬ ಎರಡು ಪದ. ಕಟ್ಟಕಡೆಗೆ, ಎಣ್ಣೆ ಹತ್ತಿದ ಮೂಲೆಯಲ್ಲಿ, ‘ಬೆಳ್ಳುಳ್ಳಿ’ ಎಂದಿದೆ. ಅದರ ಮುಂದೆ ಕಾಗದವೇ ಇಲ್ಲ.

ಈಗಿನವರಿಗೆ ಇಲ್ಲಿ ಕಣ್ಣು ತಪ್ಪುವುದು ಗೀಟುಗಳಲ್ಲಿ. ಅಕ್ಕ ೧॥೦ ಎಂಬುದನ್ನು ನೂರಾಹತ್ತೋ ಸಾವಿರದ ನೂರಾಹತ್ತೋ ಎಂದು ಯೋಚಿಸಿ, ಗ್ರಾಮಿರಬೇಕು ಅಂದುಕೊಂಡಿದ್ದಳಂತೆ. ಅವು ಅಂಕಿಗಳಲ್ಲ. ಶಾನುಭೋಗರ ಲೆಕ್ಕದಲ್ಲಿ, ಅಂಗಡಿಯ ಖಾತೆಯಲ್ಲಿ, ಮನೆಯ ದಿನಸಿ ಚೀಟಿಯಲ್ಲಿ ಭಿನ್ನರಾಶಿ ಬರೆಯುತ್ತಿದ್ದದ್ದೇ ಹೀಗೆ. ನಿಂತ ಗೀಟು ಒಂದಾದರೆ ಕಾಲು, ಎರಡಾದರೆ ಅರ್ಧ, ಮೂರಾದರೆ ಮುಕ್ಕಾಲು. ಮಲಗಿದ ಗೀಟು ಒಂದಾದರೆ ಕಾಲಿನಲ್ಲಿ ಕಾಲು, ಅಂದರೆ ಹದಿನಾರರಲ್ಲಿ ಒಂದು, ವೀಸ. ರೂಪಾಯಿಯ ಲೆಕ್ಕದಲ್ಲಿ ಅದೇ ಒಂದಾಣೆ. ನಮ್ಮಜ್ಜಿಯ ಕೈಯಲ್ಲಿ ಕೊನೆಗೊಂದು ಸೊನ್ನೆ, ಭಿನ್ನ ಇಲ್ಲಿಗೆ ಮುಗಿಯಿತು ಎನ್ನಲು. ಹಾಗಾಗಿ ೧॥೦ ಅಂದರೆ ಒಂದೂವರೆ. ೦॥।೦ ಅಂದರೆ ಮುಕ್ಕಾಲು. ಮೆಂತ್ಯದ ಮುಂದಿನ ಎರಡು ಮಲಗಿದ ಗೀಟು ‘ಸಮ’ ಎಂಬ ಚಿಹ್ನೆಯಲ್ಲ. ಹದಿನಾರರಲ್ಲಿ ಎರಡು, ಅಂದರೆ ಅರೆಕಾಲು ಸೇರು, ನಮ್ಮ ಕಡೆಯ ಮಾತಿನಲ್ಲಿ ಅರೆಪಾವು.

ಈ ಸೊನ್ನೆಯೇ ಉಪ್ಪಿನ ಸಾಲಿನ ಅನುಮಾನವನ್ನು ಬಿಡಿಸಿತು. ೧ರ ಪಕ್ಕದ ಗೀಟು ನಿಜವಾದ ಕಾಲಾಗಿದ್ದರೆ ಅಜ್ಜಿ ಅದರ ಮುಂದೆ ಸೊನ್ನೆ ಹಾಕುತ್ತಿದ್ದರು, ಉಳಿದೆಲ್ಲ ಕಡೆ ಹಾಕಿದ್ದಾರೆ. ಇಲ್ಲಿ ಇಲ್ಲ. ಕಾರ್ಡು ತಿರುಗಿಸಿ ಪಕ್ಕದ ಬೆಳಕಿನಲ್ಲಿ ನೋಡಿದರೆ ಹಿಂಬದಿಯ ವಿಳಾಸದ ನಡುವೆಯೂ ಅದೇ ಜಾಗದಲ್ಲಿ ಗೆರೆ ಹಾದುಹೋಗಿದೆ. ಅದು ಮಡಿಕೆ. ಉಪ್ಪು ಒಂದು ಸೇರು, ಅಷ್ಟೇ.

ಇನ್ನು ‘ರೂ ೪’. ಅಕ್ಕ ಇದನ್ನು ನಾಲ್ಕು ರೂಪಾಯಿಯ ಅರಿಶಿನ ಎಂದು ಓದಿ, ಆಗಿನ ಬೆಲೆ ಏನಿತ್ತೋ ಎಂದು ಹುಡುಕಲು ಹೊರಟಿದ್ದಳು. ದೊಡ್ಡವ್ವ ಹಾಸಿಗೆಯಲ್ಲಿ ಕೂತಲ್ಲಿಂದಲೇ ಅಂದಳು, ‘ಅದು ರೊಕ್ಕ ಅಲ್ಲವ್ವ, ತೂಕ. ತಕ್ಕಡಿಯೊಳಗ ರೂಪಾಯಿ ಇಟ್ಟು ತೂಗತಿದ್ವಿ.’ ಬ್ರಿಟಿಷರ ಕಾಲದ ರೂಪಾಯಿ ನಾಣ್ಯದ ತೂಕ ಸರಿಯಾಗಿ ಒಂದು ತೊಲ, 11.66 ಗ್ರಾಂ. ಸ್ವಾತಂತ್ರ್ಯದ ಆಸುಪಾಸಿನ ನಿಕ್ಕಲ್ ರೂಪಾಯಿಯೂ ಅಷ್ಟೇ ತೂಗುತ್ತಿತ್ತು. ಆದ್ದರಿಂದ ಅರಿಶಿನ ನಾಲ್ಕು ತೊಲ, 47 ಗ್ರಾಂ; ಇಂಗು ಕಾಲು ತೊಲ, ಮೂರು ಗ್ರಾಮಿಗೆ ಒಂದು ಕೂದಲೆಳೆ ಕಡಿಮೆ. ಈಗಿನ ರೂಪಾಯಿ ಇಟ್ಟು ತೂಗಿದರೆ ಕೆಟ್ಟಿರಿ, ಅದು ನಾಲ್ಕು ಗ್ರಾಮೂ ಇಲ್ಲ. ಚಿನಿವಾರರ ಅಂಗಡಿಯಲ್ಲಿ ತೊಲ ಅಂದರೆ ಇವತ್ತು ಹತ್ತು ಗ್ರಾಂ ಅನ್ನುತ್ತಾರೆ, ಅದು ಲೆಕ್ಕದ ಸುಲಭಕ್ಕೆ ಮಾಡಿಕೊಂಡದ್ದು, ಹಳೆಯ ಚೀಟಿಗೆ ಸಲ್ಲದು.

ಓದಿದ್ದಾಯಿತು. ಈಗ ನಿಜವಾದ ಪ್ರಶ್ನೆ: ಯಾವ ಸೇರು?

ಅಂತರ್ಜಾಲದಲ್ಲಿ ಕೇಳಿದರೆ ಸೇರು ಅಂದರೆ 933 ಗ್ರಾಂ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು 80 ತೊಲದ ಸೇರು, ರೈಲ್ವೆಯವರೂ ಸರ್ಕಾರದವರೂ ಬಳಸುತ್ತಿದ್ದ ತೂಕ. ಆದರೆ ಕಂಪ್ಲಿ, ಹೊಸಪೇಟೆ ಎರಡೂ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದವು. ಮದ್ರಾಸಿನ ತೂಕದ ಸೇರು 24 ತೊಲ, ಅಂದರೆ ಬರೀ 280 ಗ್ರಾಂ. ಕಂಪ್ಲಿಯಲ್ಲಿ ಹೊಳೆ ದಾಟಿದರೆ ಗಂಗಾವತಿ, ಅದು 1948ರವರೆಗೆ ನಿಜಾಮರ ಹೈದರಾಬಾದು. ಇತ್ತ ಸಂಡೂರು ಘೋರ್ಪಡೆಯವರ ಸಂಸ್ಥಾನ, 1949ರಲ್ಲಿ ಮದ್ರಾಸಿಗೆ ಸೇರಿ, ನಾಲ್ಕು ವರ್ಷದಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. ಎತ್ತಿನ ಗಾಡಿಯಲ್ಲಿ ಒಂದೆರಡು ದಿನದ ದಾರಿಯೊಳಗೆ ಮೂರು ಆಡಳಿತ. ಸಾಲದ್ದಕ್ಕೆ ಸೇರು ಎಂಬ ಒಂದೇ ಹೆಸರು ತಕ್ಕಡಿಯ ತೂಕಕ್ಕೂ ಇತ್ತು, ಕಾಳು ಅಳೆಯುವ ಪಾತ್ರೆಗೂ ಇತ್ತು. ಹಂಪಿಯಲ್ಲಿ ಎಂಟಡಿ ಎತ್ತರದ ಗಣಪನನ್ನು ಸಾಸಿವೆಕಾಳು ಎಂದು ಕರೆದು, ಅದಕ್ಕಿಂತ ದೊಡ್ಡವನನ್ನು ಕಡಲೆಕಾಳು ಎಂದು ಕರೆದ ನಾಡಿನಲ್ಲಿ ಹೆಸರು ನೋಡಿ ಗಾತ್ರ ಹೇಳಲು ಹೋಗಬಾರದು.

ಕಾರ್ಡಿನ ಕಾಲವನ್ನು ಅದರ ಮೇಲೆ ಅಚ್ಚಾದ ಬೆಲೆಯೇ ಹೇಳಿತು. ಅಂಚೆ ಮುದ್ರೆಯ ಇಸವಿ ಅಳಿಸಿಹೋಗಿದೆ, ಆದರೆ ಬೆಲೆ ‘ನಯೇ ಪೈಸೆ’ಯಲ್ಲಿದೆ. ಆ ಮಾತು ಚಾಲ್ತಿಗೆ ಬಂದದ್ದು 1957ರ ಏಪ್ರಿಲ್ 1ರಂದು; 1964ರಲ್ಲಿ ‘ನಯೇ’ ಬಿಟ್ಟು ಬರೀ ಪೈಸೆ ಆಯಿತು. ಕಿಲೋಗ್ರಾಂ 1958ರಿಂದ ಮೆಲ್ಲಗೆ ಬಂದು 1962ರಲ್ಲಿ ಕಡ್ಡಾಯವಾಯಿತು. ಅಂದರೆ ಅಜ್ಜಿ ಇದನ್ನು ಬರೆದದ್ದು ಅಂಗಡಿಯಲ್ಲಿ ತೂಕದ ಕಲ್ಲು ಬದಲಾಗುತ್ತಿದ್ದ ಹೊತ್ತಿನಲ್ಲಿ. ಅಡುಗೆಮನೆಯ ಹಿತ್ತಾಳೆ ಪಾತ್ರೆಯನ್ನು ಮಾತ್ರ ಯಾರೂ ಬದಲಿಸಲಿಲ್ಲ.

ತೂಕವೋ ಅಳತೆಯೋ ಎಂಬುದನ್ನು ಕಾರ್ಡೇ ಬಿಡಿಸುತ್ತದೆ. ‘ಸವರಿ’ ಎಂಬ ಪದ ನೋಡಿ. ಪಾತ್ರೆಗೆ ತುಂಬಿ, ಮೇಲೆ ಗೋಪುರ ಕಟ್ಟಿದ್ದನ್ನು ಅಂಗೈಯಿಂದ ಸವರಿ ಬಾಯಿಗೆ ಸಮ ಮಾಡುವುದು ಅದರ ಅರ್ಥ. ತಕ್ಕಡಿಯಲ್ಲಿ ಯಾರೂ ಸವರುವುದಿಲ್ಲ. ಜೊತೆಗೆ ತೂಗಬೇಕಾದ್ದನ್ನು ಅಜ್ಜಿ ಬೇರೆಯಾಗಿಯೇ ರೂಪಾಯಿಯಲ್ಲಿ ಬರೆದಿದ್ದಾರೆ. ಇಷ್ಟೂ ಸಾಲದಿದ್ದರೆ ಲೆಕ್ಕ ಹಾಕಿ: ಮದ್ರಾಸಿನ ತೂಕದ ಸೇರಾದರೆ ಆರು ಸೇರು ಹೋಳು 1.7 ಕಿಲೋ ಕೂಡ ಆಗದು. ಅದು 25 ಕಾಯಿಯಿಂದ ಬಂದಿದ್ದರೆ ಒಂದು ಕಾಯಿಗೆ 67 ಗ್ರಾಂ. ಅಷ್ಟು ಚಿಕ್ಕದು ಮಿಡಿ, ಹೋಳು ಮಾಡುವ ಕಾಯಲ್ಲ.

ಹಾಗಾದರೆ ಪಾತ್ರೆ ಬೇಕು. ಕಂಪ್ಲಿಯ ಸೋದರಮಾವನ ಮನೆಯಲ್ಲಿ ಅಜ್ಜಿಯ ಅಚ್ಚೇರು ಇನ್ನೂ ಇದೆ, ಅಕ್ಕಿ ಡಬ್ಬಿಯೊಳಗೇ. ತಕ್ಕಡಿಯ ಮೇಲೆ ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿಕೊಂಡು ಕಂಠದವರೆಗೆ ನೀರು ತುಂಬಿದೆ. 520 ಗ್ರಾಂ ತೋರಿಸಿತು. ನೀರು ಗ್ರಾಮಿಗೊಂದು ಮಿಲಿಲೀಟರಾದ್ದರಿಂದ ಅಚ್ಚೇರು 520 ಮಿ.ಲೀ., ಸೇರು ಒಂದು ಲೀಟರಿಗೆ ಸ್ವಲ್ಪ ಮೇಲೆ, ಪಾವು 260. ಅಡುಗೆ ಪುಸ್ತಕದ 240 ಮಿಲಿಲೀಟರಿನ ಕಪ್ಪಿಗೆ ಇದು ಹತ್ತಿರ, ಆದರೆ ಅದೇ ಅಲ್ಲ.

ಇಲ್ಲೊಂದು ಸಮಾಧಾನವಿದೆ. ಸಂಡೂರಿನ ದೊಡ್ಡವ್ವನ ಮನೆಯ ಸೇರು ಇದಕ್ಕಿಂತ ಚಿಕ್ಕದಿತ್ತೆಂದು ಆಕೆಯೇ ಹೇಳುತ್ತಾಳೆ, ಆದರೂ ಅವಳ ಉಪ್ಪಿನಕಾಯಿ ಕೆಡಲಿಲ್ಲ. ಹೋಳು, ಉಪ್ಪು, ಖಾರ, ಸಾಸಿವೆ, ಎಣ್ಣೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಅಳೆದರೆ ಪಾತ್ರೆ ದೊಡ್ಡದೋ ಚಿಕ್ಕದೋ ಎಂಬುದು ಒಟ್ಟು ಎಷ್ಟು ಆಗುತ್ತದೆ ಎಂಬುದನ್ನಷ್ಟೇ ಬದಲಿಸುತ್ತದೆ, ರುಚಿಯನ್ನಲ್ಲ. ಪಾತ್ರೆಯೇ ಸಿಗದವರು ಆರು ಲೋಟ ಹೋಳಿಗೆ ಒಂದು ಲೋಟ ಉಪ್ಪು ಎಂದು ಸ್ಟೀಲ್ ಲೋಟದಲ್ಲೇ ಅಳೆದುಕೊಳ್ಳಬಹುದು. ಅರಿಶಿನ, ಇಂಗು ಮಾತ್ರ ತೂಕದಲ್ಲಿರುವುದರಿಂದ ಲೋಟದ ಗಾತ್ರಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕು.

ಆದರೆ ಅಕ್ಕ ಕೊನೆಗೆ ಗ್ರಾಮಿನ ಲೆಕ್ಕ ಬಿಟ್ಟು ಒಂದೇ ಪಾತ್ರೆಯಲ್ಲೇ ಅಳೆದಿದ್ದಳು. ಆದರೂ ಉಪ್ಪಾಯಿತು. ಯಾಕೆಂದು ತಿಳಿಯಲು ಅದೇ ಅಚ್ಚೇರಿಗೆ ಎರಡು ಬಗೆಯ ಉಪ್ಪು ತುಂಬಿ ತೂಗಿದೆ. ಹರಳುಪ್ಪು ಸವರಿದಾಗ 500 ಗ್ರಾಂ. ಪ್ಯಾಕೆಟ್ಟಿನ ಪುಡಿಯುಪ್ಪು 650. ಹರಳುಗಳ ನಡುವೆ ಗಾಳಿ ಕೂತಿರುತ್ತದೆ. ಸಣ್ಣ ಪುಡಿ ಆ ಸಂದಿಯನ್ನೆಲ್ಲ ತುಂಬಿಬಿಡುತ್ತದೆ. ಒಂದು ಸೇರಿಗೆ ಹರಳುಪ್ಪಾದರೆ ಒಂದು ಕಿಲೋ, ಪುಡಿಯುಪ್ಪಾದರೆ 1.3 ಕಿಲೋ. ಮುನ್ನೂರು ಗ್ರಾಂ ಉಪ್ಪು ಯಾರ ಕಣ್ಣಿಗೂ ಬೀಳದೆ ಒಳಗೆ ಹೋಗಿತ್ತು. ಅಜ್ಜಿಯ ಕಾಲದಲ್ಲಿ ಮನೆಯಲ್ಲಿದ್ದದ್ದು ಹರಳುಪ್ಪೊಂದೇ, ಅದಕ್ಕೇ ‘ಹರಳು’ ಎಂದು ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ. ಕಾರ್ಡಿನಲ್ಲಿ ಮಸುಕಾದದ್ದಕ್ಕಿಂತ ಬರೆಯದೇ ಬಿಟ್ಟದ್ದೇ ಹೆಚ್ಚು ತೊಂದರೆ ಕೊಟ್ಟಿತು ಅನ್ನಬೇಕು. ಹರಳುಪ್ಪನ್ನು ಕುಟ್ಟಿ ಹಾಕುವವರು ಕೂಡ ಅಳೆಯುವುದು ಕುಟ್ಟುವ ಮೊದಲು. ಬಿಸಿಲಿಗಿಟ್ಟು ತೇವ ಹೋದ ಮೇಲೆ.

ಉಳಿದದ್ದನ್ನೂ ಹೀಗೇ ತೂಗಿದೆ. ಮಾವಿನ ಹೋಳು ಅಚ್ಚೇರಿಗೆ 310 ಗ್ರಾಂ, ಮೂಲೆಮೂಲೆಯಾಗಿ ಕೂರುವುದರಿಂದ ಪಾತ್ರೆಯ ಐದರಲ್ಲಿ ಎರಡು ಪಾಲು ಗಾಳಿಯೇ. ಖಾರದ ಪುಡಿ 220, ಸಾಸಿವೆ ಹಿಟ್ಟು 240. ಹಾಗಾಗಿ ಖಾರ ಒಂದೂವರೆ ಸೇರು ಅಂದರೆ 660 ಗ್ರಾಂ. ಸಾಸಿವೆ ಮುಕ್ಕಾಲು ಸೇರು 360. ಮೆಂತ್ಯ ಅರೆಪಾವು ಸುಮಾರು 100. ಎಣ್ಣೆ ಒಂದೂವರೆ ಸೇರು, ಒಂದೂವರೆ ಲೀಟರು ದಾಟುತ್ತದೆ, ತೂಕದಲ್ಲಿ 1.43 ಕಿಲೋ. ಖಾರದ ಪುಡಿಯನ್ನು ಪಾತ್ರೆಗೆ ಕುಟ್ಟಿ ತುಂಬಿದರೆ ತೂಕ ಏರುತ್ತದೆ, ಚಮಚದಿಂದ ಸುರಿದು ಸವರಬೇಕು.

ಕೊನೆಗೆ ಉಳಿದದ್ದು ೬ ಮತ್ತು ೯ರ ಜಗಳ. ಕನ್ನಡದ ಈ ಎರಡು ಅಂಕಿಗಳಿಗೆ ಬಾಲದ ತಿರುವಿನಷ್ಟೇ ವ್ಯತ್ಯಾಸ, ಅದೇ ಜಾಗದಲ್ಲಿ ಅರಿಶಿನ ಬಿದ್ದು ಮಸಿ ಎದ್ದುಹೋಗಿದೆ. ಫಿಲ್ಟರೂ ಕೈಕೊಟ್ಟಿತು. ಕಣ್ಣು ಸೋತಲ್ಲಿ ಲೆಕ್ಕವನ್ನು ಕೇಳಬೇಕು.

ಹೊಸಪೇಟೆಯ ಸಂತೆಯಿಂದ 25 ನಾಟಿ ಕಾಯಿ ತಂದು ತೂಗಿದೆ. ಒಂದೊಂದು ಸರಾಸರಿ 180 ಗ್ರಾಂ. ತೊಟ್ಟಿನ ತುದಿ ಕೊಯ್ದು, ಗೊರಟೆಯ ಒಳಗಿನ ಬೀಜ ತೆಗೆದು, ಓಟೆ ಉಳಿಸಿಕೊಂಡು ಹೋಳು ಮಾಡಿದರೆ ಉಳಿಯುವುದು 150ರ ಸುತ್ತ. 25 ಕಾಯಿಗೆ ಮೂರೂಮುಕ್ಕಾಲು ಕಿಲೋ. ಆರು ಸೇರು ಹೋಳು 3.72 ಕಿಲೋ, ಕೂಡಿಬಂತು. ಒಂಬತ್ತು ಸೇರಿಗೆ 5.6 ಕಿಲೋ ಹೋಳು ಬೇಕು, ಅದಕ್ಕೆ ಒಂದೊಂದು ಕಾಯಿ ಕಾಲು ಕಿಲೋ ಮೀರಬೇಕು. ನಾಟಿಯಲ್ಲಿ ಅಂಥದ್ದು ಅಪರೂಪ. ಆದರೂ ಕಾಯಿಯ ಗಾತ್ರ ವರ್ಷದಿಂದ ವರ್ಷಕ್ಕೆ, ಮರದಿಂದ ಮರಕ್ಕೆ ಬೇರೆಯಾಗುತ್ತದೆ. ಅದೊಂದನ್ನೇ ನಂಬಿ ತೀರ್ಪು ಕೊಡಲು ನನಗೆ ಧೈರ್ಯ ಬರಲಿಲ್ಲ.

ಉಪ್ಪು ಎರಡನೆಯ ಸಾಕ್ಷಿ. ಉಪ್ಪಿನಕಾಯಿ ಕೆಡದಿರುವುದು ಮುಖ್ಯವಾಗಿ ಉಪ್ಪಿನಿಂದ, ಅದರ ಜೊತೆಗೆ ಕಾಯಿಯ ಹುಳಿಯಿಂದ. ಮೇಲೆ ನಿಂತ ಎಣ್ಣೆ ಗಾಳಿ ತಡೆಯುತ್ತದೆ. ಉಪ್ಪುನೀರಿನಲ್ಲಿ ಹಾಕುವ ಉಪ್ಪಿನಕಾಯಿಗೆ ಉಪ್ಪೇ ಮುಖ್ಯ ಕಾವಲಾಗಿದ್ದರೆ ಅದು ಶೇಕಡಾ 12ಕ್ಕೆ ಕಡಿಮೆ ಇರಬಾರದೆಂದು ನಮ್ಮ ಆಹಾರ ನಿಯಮವೇ ಹೇಳುತ್ತದೆ. ಎಣ್ಣೆಯ ಉಪ್ಪಿನಕಾಯಿಗೂ ಆ ಅಂಕಿಯನ್ನು ಕೆಳಗಿನ ಗೆರೆ ಎಂದು ಇಟ್ಟುಕೊಂಡೆ. ಆರು ಸೇರು ಹೋಳು ಎಂದುಕೊಂಡರೆ ಎಲ್ಲ ಸೇರಿ ಒಟ್ಟು 7.3 ಕಿಲೋ, ಅದರಲ್ಲಿ ಉಪ್ಪು ಒಂದು ಕಿಲೋ. ಶೇಕಡಾ 13.7. ಒಂಬತ್ತು ಎಂದುಕೊಂಡರೆ ಒಟ್ಟು 9.2 ಕಿಲೋ, ಉಪ್ಪು ಶೇಕಡಾ 11ಕ್ಕೆ ಇಳಿಯುತ್ತದೆ. ಮಳೆಗಾಲ ಬರುವ ಹೊತ್ತಿಗೆ ಆ ಭರಣಿಯ ಮೇಲೆ ಬಿಳಿ ಪೊರೆ ಕಟ್ಟುತ್ತಿತ್ತು. ವರ್ಷವಿಡೀ ಇಟ್ಟುಣ್ಣುತ್ತಿದ್ದ ಮನೆಯ ಲೆಕ್ಕ ಅದಾಗಿರಲಾರದು. ಅಂಕಿ ೬ ಎಂದು ಬರೆದುಕೊಂಡೆ. ಅಕ್ಕನ ಪುಡಿಯುಪ್ಪಿನ ಭರಣಿಯನ್ನೂ ಇದೇ ಲೆಕ್ಕಕ್ಕೆ ಹಾಕಿ ನೋಡಿದರೆ ಶೇಕಡಾ 17 ಬಂತು. ಅವಳ ನಾಲಿಗೆ ಸುಳ್ಳು ಹೇಳಿರಲಿಲ್ಲ.

ಮೊದಲ ಸಲಕ್ಕೆ ಅಷ್ಟೂ ಹಾಕುವ ಧೈರ್ಯ ಮಾಡದೆ ಎಲ್ಲವನ್ನೂ ನಾಲ್ಕರಲ್ಲಿ ಒಂದು ಪಾಲು ಮಾಡಿದೆ. ಹೋಳು 930 ಗ್ರಾಂ, ಹರಳುಪ್ಪು 250, ಖಾರ 165, ಸಾಸಿವೆ ಹಿಟ್ಟು 90, ಮೆಂತ್ಯ 25, ಅರಿಶಿನ 12, ಇಂಗು ಮುಕ್ಕಾಲು ಗ್ರಾಂ, ಶೇಂಗಾ ಎಣ್ಣೆ 390 ಮಿ.ಲೀ. ಇಂಗಿನ ಮುಕ್ಕಾಲು ಗ್ರಾಮನ್ನು ಅಡುಗೆಮನೆಯ ತಕ್ಕಡಿ ತೋರಿಸುವುದೇ ಇಲ್ಲ. ಮೂರು ಗ್ರಾಂ ತೂಗಿ ಕಾಗದದ ಮೇಲೆ ನಾಲ್ಕು ಗುಡ್ಡೆ ಮಾಡಿ ಒಂದನ್ನು ತೆಗೆದುಕೊಂಡೆ. ಮೂರನೇ ದಿನ ಮುಚ್ಚಳ ತೆಗೆದಾಗ ಕಾಯಿ ನೀರು ಬಿಟ್ಟು ಕುಗ್ಗಿತ್ತು, ಎಣ್ಣೆ ಮೇಲೆ ಬೆರಳಿನಷ್ಟು ನಿಂತಿತ್ತು. ಹೋಳು ಎಣ್ಣೆಯಿಂದ ಮೇಲೆ ತಲೆ ಎತ್ತಿದ್ದರೆ ಎಣ್ಣೆಯ ಅಂಕಿ ತಪ್ಪು ಓದಿದ್ದೇವೆಂದು ಅರ್ಥ, ಆಗ ಕಾಯಿಸಿ ಆರಿಸಿದ ಎಣ್ಣೆ ಸುರಿಯಬೇಕು.

ದೊಡ್ಡವ್ವನಿಗೆ ಒಂದು ಹೋಳು ಕೊಟ್ಟೆ. ಚೀಪಿ, ಓಟೆಯನ್ನು ತಟ್ಟೆಯಂಚಿಗೆ ಇಟ್ಟು, ‘ಉಪ್ಪು ಸರಿ ಐತಿ. ಬೆಳ್ಳುಳ್ಳಿ ಯಾಕ ಹಾಕಿಲ್ಲ?’ ಅಂದಳು. ಕಾರ್ಡಿನ ಮೂಲೆ ಹರಿದದ್ದು ತೋರಿಸಿದೆ. ಎಷ್ಟು ಹಾಕತಿದ್ದೆ ಎಂದು ಕೇಳಿದ್ದಕ್ಕೆ ಎರಡೂ ಕೈ ಜೋಡಿಸಿ ಬೊಗಸೆ ತೋರಿಸಿದಳು. ಎಂಬತ್ತು ದಾಟಿದ ಆ ಬೊಗಸೆಗೆ ಸುಲಿದ ಬೆಳ್ಳುಳ್ಳಿ ತುಂಬಿ ತೂಗಿದೆ: 140 ಗ್ರಾಂ. ಹೊಸ ಕಾರ್ಡಿನಲ್ಲಿ ಅದರ ಎದುರಿಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ.